ಮೂವತ್ತು ಸೆಕೆಂಡಿನ ಮಾತು, ಒಂದೇ ಒಂದು ಬಾಟಲಿ

ಕಳೆದ ಸಲ ಕಾಲೇಜು ಫೆಸ್ಟ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಸ್ಟಾಲ್ ಹಾಕಿದ್ವಿ. ಮಾರೋಕೆ ಇಟ್ಟಿದ್ದು ಒಂದೇ ವಸ್ತು: ಸ್ಟೀಲಿನ ನೀರಿನ ಬಾಟಲಿ. ಹೋಲ್‌ಸೇಲ್ ಅಂಗಡಿಯಿಂದ 60 ಬಾಟಲಿ ತಂದಿದ್ವಿ. ಫೆಸ್ಟ್‌ಗೆ ಮೂರು ದಿನ ಇರುವಾಗ ಒಂದು ರೀಲ್ ಮಾಡಿ ಬಿಟ್ವಿ. ವಾಯ್ಸ್ ಓವರ್ ಬರೆದವನು ನಾನೇ. ರೀಲ್ ಚೆನ್ನಾಗಿ ಓಡ್ತು, ಎರಡೇ ದಿನದಲ್ಲಿ 40 ಬಾಟಲಿ ಖಾಲಿಯಾದವು.

ಮುಂದಿನ ವಾರ ಅದರಲ್ಲಿ ಏಳು ವಾಪಸ್ ಬಂದವು. ಒಬ್ಬಳ ಬಾಟಲಿಯೊಳಗೆ ಒಡೆದುಹೋದ ಕಾಫಿ ಹಾಗೇ ಇತ್ತು, ಮುಚ್ಚಳ ತೆಗೆದರೆ ನಿಲ್ಲೋಕಾಗದಷ್ಟು ಹುಳಿ ವಾಸನೆ. "ಬೆಳಿಗ್ಗೆ ಹಾಕಿದ ಕಾಫಿ ರಾತ್ರಿಗೂ ಬಿಸಿ ಅಂತ ನೀವೇ ಹೇಳಿದ್ರಲ್ಲ?" ಅಂತ ಕೇಳಿದಳು. ಹೌದು, ಹೇಳಿದ್ದೆ. ಬಾಟಲಿಯ ಜೊತೆ ಬಂದ ವಿವರಣೆಯಲ್ಲಿ "ಹಾಲು ಬೆರೆತ ಪಾನೀಯ ಹಾಕಬಾರದು" ಅಂತ ಸ್ಪಷ್ಟವಾಗಿ ಬರೆದಿತ್ತು. ಸ್ಕ್ರಿಪ್ಟ್ ಬರೆಯುವಾಗ ನಾನು ಅದನ್ನ ಒಮ್ಮೆ ಓದಿದ್ದೆ, ಆಮೇಲೆ ಪಕ್ಕಕ್ಕಿಟ್ಟು ನೆನಪಿನಿಂದ ಬರೆದಿದ್ದೆ. ಬಾಟಲಿಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ನನ್ನ ಎಂಟು ವಾಕ್ಯಗಳಲ್ಲಿ.

ಏಳು ಜನರ ದುಡ್ಡು ವಾಪಸ್ ಕೊಟ್ಟು, ರೀಲ್ ತೆಗೆದುಹಾಕಿ, ಉಳಿದ 20 ಬಾಟಲಿಗೆ ಇನ್ನೊಂದು ರೀಲ್ ಮಾಡಿದ್ವಿ. ಆ ಎರಡನೇ ಸ್ಕ್ರಿಪ್ಟ್ ಹೇಗೆ ಬರೆದ್ವಿ ಅನ್ನೋದೇ ಈ ಲೇಖನ. ಸ್ಟಾರ್ಟಪ್ ಮಾಡೋರು, ಕ್ಲಬ್‌ನ ಟೀ ಶರ್ಟ್ ಮಾರೋರು, ಊರಲ್ಲಿ ಅಮ್ಮ ಮಾಡೋ ಉಪ್ಪಿನಕಾಯಿಗೆ ರೀಲ್ ಮಾಡಿಕೊಡೋರು ನಮ್ಮಲ್ಲೇ ಎಷ್ಟೋ ಜನ ಇದ್ದೀರಿ. ನಾನು ಮಾಡಿದ ತಪ್ಪನ್ನೇ ನೀವೂ ಮಾಡೋದು ಬೇಡ.

ಮೊದಲು ವಿವರಣೆ

ಬಾಟಲಿಯ ಜೊತೆ ಬಂದ ವಿವರಣೆ ಇದು. ಸ್ವಲ್ಪ ನಿಧಾನವಾಗಿ ಓದಿ, ಮುಂದೆ ಎಲ್ಲವೂ ಇದರ ಮೇಲೇ ನಿಂತಿದೆ.

> ಸ್ಟೀಲ್ ನೀರಿನ ಬಾಟಲಿ, 750 ಮಿ.ಲೀ. ಎರಡು ಪದರದ ಗೋಡೆ, ನಡುವೆ ವ್ಯಾಕ್ಯೂಮ್. ಒಳಪದರ 304 ದರ್ಜೆಯ ಸ್ಟೀಲ್, ಹೊರಪದರ 201 ದರ್ಜೆಯ ಸ್ಟೀಲ್, ಮೇಲೆ ಪೌಡರ್ ಕೋಟಿಂಗ್. ಬಣ್ಣ: ಕಪ್ಪು, ನೀಲಿ, ಹಸಿರು. ಎತ್ತರ 26 ಸೆಂ.ಮೀ., ತಳದ ಅಗಲ 7.5 ಸೆಂ.ಮೀ., ಖಾಲಿ ತೂಕ 380 ಗ್ರಾಂ.
>
> 95 ಡಿಗ್ರಿಯ ನೀರು 12 ಗಂಟೆಯ ನಂತರ 60 ಡಿಗ್ರಿಗಿಂತ ಮೇಲಿರುತ್ತದೆ. 5 ಡಿಗ್ರಿಯ ನೀರು 24 ಗಂಟೆಯ ನಂತರ 15 ಡಿಗ್ರಿಗಿಂತ ಕೆಳಗಿರುತ್ತದೆ. ಪರೀಕ್ಷೆ: ಬಾಟಲಿ ಪೂರ್ತಿ ತುಂಬಿ, ಮುಚ್ಚಳ ತೆರೆಯದೆ, 27 ಡಿಗ್ರಿಯ ಕೋಣೆಯಲ್ಲಿ.
>
> ಮುಚ್ಚಳ ಪ್ಲಾಸ್ಟಿಕ್, ಒಳಗೆ ಸಿಲಿಕೋನ್ ರಿಂಗ್. ಪೂರ್ತಿ ತಿರುಗಿಸಿ ಮುಚ್ಚಿದಾಗ ಸೋರುವುದಿಲ್ಲ. ಹಾಲು ಬೆರೆತ ಪಾನೀಯ, ಸೋಡಾ ಹಾಕಬಾರದು. ಕೈಯಲ್ಲೇ ತೊಳೆಯಬೇಕು. ಫ್ರೀಜರ್, ಮೈಕ್ರೋವೇವ್‌ನಲ್ಲಿ ಇಡಬಾರದು. ಪೆಟ್ಟಿಗೆಯಲ್ಲಿ: 1 ಬಾಟಲಿ, 1 ಮುಚ್ಚಳ. ಚಿತ್ರದಲ್ಲಿರುವ ಬ್ರಶ್ ಸೇರಿಲ್ಲ.

ಇನ್ನು ನನ್ನ ಮೊದಲ ಸ್ಕ್ರಿಪ್ಟ್. ಓದೋಕೆ ಈಗಲೂ ನಾಚಿಕೆ ಆಗುತ್ತೆ:

> ಬೆಳಿಗ್ಗೆ ಹಾಕಿದ ಫಿಲ್ಟರ್ ಕಾಫಿ, ರಾತ್ರಿ ಓದೋ ಹೊತ್ತಿಗೂ ಬಿಸಿ ಬಿಸಿ! ಪೂರ್ತಿ 304 ಸ್ಟೀಲ್. 24 ಗಂಟೆ ಬಿಸಿ, 24 ಗಂಟೆ ತಂಪು. ಬ್ಯಾಗಲ್ಲಿ ಹೇಗೆ ಬೇಕಾದ್ರೂ ಎಸೀರಿ, ಒಂದು ಹನಿನೂ ಸೋರಲ್ಲ. ಮುಕ್ಕಾಲು ಲೀಟರ್ ಹಿಡಿಯುತ್ತೆ. ಆದ್ರೂ ಹಗುರ! ಮೂರು ಬಣ್ಣ. ಇವತ್ತೇ ತಗೊಳ್ಳಿ!

ಕೇಳೋಕೆ ಚೆನ್ನಾಗೇ ಇದೆ. ಆದರೆ ಎಂಟು ವಾಕ್ಯದಲ್ಲಿ ಐದು ವಿವರಣೆಗೆ ಹೊಂದೋದಿಲ್ಲ. ನಾನು ಏನನ್ನೂ ಬೇಕಂತ ಸುಳ್ಳು ಹೇಳಿರಲಿಲ್ಲ. ಪ್ರತಿ ತಪ್ಪೂ ವಿವರಣೆಯ ಒಂದು ನಿಜವಾದ ಸಾಲಿನಿಂದಲೇ ಹುಟ್ಟಿದ್ದು. ಎಲ್ಲಿ ಜಾರಿತು ಅಂತ ಒಂದೊಂದಾಗಿ ನೋಡೋಣ.

ಐದು ಜಾರು

ಮೊದಲನೆಯದು ಕಾಫಿ. ಬಿಸಿ ಅಂದ ತಕ್ಷಣ ನಮಗೆ ನೆನಪಾಗೋದೇ ಕಾಫಿ, ಅದಕ್ಕೇ ವಿವರಣೆಯಲ್ಲಿದ್ದ "ನೀರು" ನನ್ನ ಕೈಯಲ್ಲಿ "ಕಾಫಿ" ಆಯ್ತು. ಹಾಲು ಹಾಕಿದ ಕಾಫಿ ಬಾಟಲಿಯೊಳಗೆ ಗಂಟೆಗಟ್ಟಲೆ ಕೂತರೆ, ಅದು ನಿಧಾನವಾಗಿ ತಣಿಯುತ್ತಾ ಬ್ಯಾಕ್ಟೀರಿಯಾಗಳಿಗೆ ಹಿತವಾದ ಉಗುರುಬೆಚ್ಚಗಿನ ಹಂತಕ್ಕೆ ಬಂದು ಅಲ್ಲೇ ಬಹಳ ಹೊತ್ತು ಉಳಿಯುತ್ತೆ. ಶಾಖ ಹಿಡಿದಿಡೋ ಬಾಟಲಿಯ ಒಳ್ಳೆಯ ಗುಣವೇ ಇಲ್ಲಿ ಕೆಟ್ಟದ್ದು. ನನ್ನ ಸ್ಕ್ರಿಪ್ಟ್‌ನಲ್ಲಿ ಎಲ್ಲರಿಗೂ ಇಷ್ಟವಾದ ಸಾಲು ಇದೇ, ಅತಿ ದೊಡ್ಡ ತಪ್ಪೂ ಇದೇ.

ಎರಡನೆಯದು "ಪೂರ್ತಿ 304". ಒಳಪದರ ಮಾತ್ರ 304. ಅದರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತೆ. 201 ದರ್ಜೆಯಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚು ಮಾಡಿರ್ತಾರೆ. ಅದು ಅಗ್ಗ, ತುಕ್ಕು ತಡೆಯೋ ಶಕ್ತಿಯೂ ಸ್ವಲ್ಪ ಕಡಿಮೆ. ನೀರು ಮುಟ್ಟೋದು ಒಳಪದರವನ್ನ ಮಾತ್ರ, ಹೊರಗೆ ಕೋಟಿಂಗ್ ಬೇರೆ ಇದೆ, ಹಾಗಾಗಿ ಬಾಟಲಿ ಮಾಡಿದವರದ್ದು ಮೋಸ ಅಲ್ಲ. "ಪೂರ್ತಿ" ಅನ್ನೋ ಒಂದು ಪದ ಸೇರಿಸಿದ ನಾನು ಅದನ್ನ ಮೋಸ ಮಾಡಿದೆ.

ಮೂರನೆಯದು "24 ಗಂಟೆ ಬಿಸಿ". ತಂಪಿಗಿದ್ದ ಅಂಕಿಯನ್ನ ಬಿಸಿಗೂ ಹಚ್ಚಿಬಿಟ್ಟೆ, ಎರಡೂ ಕಡೆ 24 ಇದ್ದರೆ ಕೇಳೋಕೆ ಲಯ ಇರುತ್ತೆ ಅಂತ. ಇದು ಯಾಕೆ ಆಗೋದಿಲ್ಲ ಅನ್ನೋದು ಹೀಟ್ ಟ್ರಾನ್ಸ್‌ಫರ್ ಓದಿರೋ ನಮಗೆ ಗೊತ್ತಿರಬೇಕಿತ್ತು. ಶಾಖ ಹರಿಯುವ ವೇಗ ಒಳಗಿನ ಮತ್ತು ಹೊರಗಿನ ಉಷ್ಣತೆಯ ವ್ಯತ್ಯಾಸದ ಮೇಲೆ ನಿಂತಿದೆ. 95 ಡಿಗ್ರಿ ನೀರಿಗೂ 27 ಡಿಗ್ರಿ ಕೋಣೆಗೂ ವ್ಯತ್ಯಾಸ 68. 5 ಡಿಗ್ರಿ ನೀರಿಗೂ ಅದೇ ಕೋಣೆಗೂ ವ್ಯತ್ಯಾಸ 22. ಅಂದರೆ ಶುರುವಿನಲ್ಲಿ ಬಿಸಿನೀರು ಶಾಖ ಕಳೆದುಕೊಳ್ಳೋ ವೇಗ, ತಣ್ಣೀರು ಶಾಖ ಹೀರಿಕೊಳ್ಳೋ ವೇಗದ ಮೂರು ಪಟ್ಟು. ಅದೇ ಬಾಟಲಿ, ಅದೇ ವ್ಯಾಕ್ಯೂಮ್, ಆದರೂ ಎರಡು ಅಂಕಿ ಬೇರೆ ಬೇರೆ ಇರಲೇಬೇಕು. ಇಂಥ ಜೋಡಿ ಅಂಕಿಗಳು ವಿವರಣೆಯಲ್ಲಿ ಬೇರೆ ಬೇರೆ ಇದ್ದರೆ ಅದಕ್ಕೊಂದು ಕಾರಣ ಇರುತ್ತೆ. ಲಯಕ್ಕೋಸ್ಕರ ಸಮ ಮಾಡಬಾರದು.

ನಾಲ್ಕನೆಯದು ಸೋರದಿರೋದು. ವಿವರಣೆ ಹೇಳೋದು "ಪೂರ್ತಿ ತಿರುಗಿಸಿ ಮುಚ್ಚಿದಾಗ". ನಾನು ಹೇಳಿದ್ದು "ಹೇಗೆ ಬೇಕಾದ್ರೂ ಎಸೀರಿ". ಷರತ್ತು ಬಿಟ್ಟುಹೋಗಿದ್ದು ಸಾಲದು ಅಂತ, ಅದಕ್ಕೆ ಉಲ್ಟಾ ಮಾತು ಸೇರಿಕೊಂಡಿತು. ವಾಪಸ್ ಬಂದ ಏಳರಲ್ಲಿ ಮೂರು ಇದಕ್ಕೇ. ಮುಚ್ಚಳ ಅರ್ಧ ತಿರುಗಿಸಿ ಬ್ಯಾಗಿಗೆ ಹಾಕಿದ್ದರು, ಒಬ್ಬನ ಲ್ಯಾಬ್ ರೆಕಾರ್ಡ್ ಪೂರ್ತಿ ನೆನೆದಿತ್ತು.

ಐದನೆಯದು "ಹಗುರ". ವಿವರಣೆಯಲ್ಲಿ ಆ ಪದವೇ ಇಲ್ಲ, 380 ಗ್ರಾಂ ಅಂತ ತೂಕ ಮಾತ್ರ ಇದೆ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಹಿಡಿದು ಅಭ್ಯಾಸ ಇರೋರಿಗೆ ಇದು ಭಾರವೇ. ನೀರು ತುಂಬಿದರೆ 380 ಕೂಡಿಸು 750, ಒಂದು ಕಿಲೋ 130 ಗ್ರಾಂ. ಹಗುರ, ಗಟ್ಟಿ, ಅತ್ಯುತ್ತಮ, ಪರಿಸರ ಸ್ನೇಹಿ ಇಂಥ ಪದಗಳ ಹಿಂದೆ ವಿವರಣೆಯ ಯಾವ ಸಾಲೂ ಇರೋದಿಲ್ಲ. ಅವು ನಮ್ಮ ಬಾಯಿಂದ ತಾವಾಗೇ ಬರ್ತವೆ.

ವಿವರಣೆಯನ್ನ ಚೀಟಿ ಮಾಡೋದು

ಎರಡನೇ ಸಲ ಬರೆಯೋಕೆ ಕೂತಾಗ ನಮ್ಮ ಸೀನಿಯರ್ ಅಕ್ಕ ಒಬ್ಬರು ಜೊತೆಗಿದ್ದರು. ಅವರು ಹೇಳಿದ್ದು ಇಷ್ಟೇ: "ಸ್ಕ್ರಿಪ್ಟ್ ಆಮೇಲೆ ಬರಿ. ಮೊದಲು ವಿವರಣೆನ ಹರಿದು ಚೀಟಿ ಮಾಡು. ಒಂದು ಚೀಟಿಗೆ ಒಂದೇ ಸಂಗತಿ. ಷರತ್ತು ಇದ್ರೆ ಅದೂ ಅದೇ ಚೀಟಿಲಿ ಇರ್ಬೇಕು."

ಕೊನೆಯ ಮಾತು ಮುಖ್ಯ. "ಸೋರಲ್ಲ" ಅನ್ನೋದು ಒಂದು ಚೀಟಿ, "ಪೂರ್ತಿ ತಿರುಗಿಸಬೇಕು" ಅನ್ನೋದು ಇನ್ನೊಂದು ಚೀಟಿ ಆದರೆ, ಬರೆಯುವಾಗ ಮೊದಲನೆಯದು ಮಾತ್ರ ಕೈಗೆ ಬರುತ್ತೆ. ಎರಡೂ ಒಂದೇ ಚೀಟಿಯಲ್ಲಿದ್ದರೆ ಒಂದನ್ನ ಬಿಟ್ಟು ಇನ್ನೊಂದನ್ನ ಎತ್ತಿಕೊಳ್ಳೋಕೆ ಆಗಲ್ಲ. ಹಾಗೇ "12 ಗಂಟೆ", "60 ಡಿಗ್ರಿ", "ಮುಚ್ಚಳ ತೆರೆಯದೆ" ಮೂರೂ ಒಂದೇ ಚೀಟಿ. "ಒಳಪದರ" ಮತ್ತು "304" ಒಂದೇ ಚೀಟಿ.

ಆಮೇಲೆ ಚೀಟಿಗಳನ್ನ ಮೂರು ಗುಂಪು ಮಾಡಿದ್ವಿ. ಬಾಯಲ್ಲಿ ಹೇಳೋದು, ಶಾಟ್‌ನಲ್ಲಿ ತೋರಿಸೋದು, ಪರದೆ ಮೇಲೆ ಅಥವಾ ಕ್ಯಾಪ್ಷನ್‌ನಲ್ಲಿ ಬರೆಯೋದು. ವಿವರಣೆಗೆ ಹೊಂದಬೇಕು ಅಂದರೆ ಎಲ್ಲವನ್ನೂ ಓದಿಬಿಡಬೇಕು ಅಂತ ಅರ್ಥ ಅಲ್ಲ. ಎತ್ತರ 26 ಸೆಂ.ಮೀ. ಅಂತ ಕೇಳಿದರೆ ಯಾರಿಗೂ ಕಣ್ಣಿಗೆ ಕಟ್ಟಲ್ಲ. ಬಾಟಲಿಯನ್ನ ಕೈಯಲ್ಲಿ ಹಿಡಿದು, ಬ್ಯಾಗಿನ ಪಕ್ಕದ ಜೇಬಿಗೆ ಹಾಕಿ ತೋರಿಸಿದರೆ ಅಳತೆ ತಾನಾಗೇ ಗೊತ್ತಾಗುತ್ತೆ, ಅಂಕಿ ಬೇಕಾದವರಿಗೆ ಕ್ಯಾಪ್ಷನ್ ಇದೆ. ಕೈಯಲ್ಲಿ ತೊಳೆಯಬೇಕು ಅನ್ನೋದಕ್ಕೆ ಕೈಯಲ್ಲಿ ತೊಳೆಯೋ ಒಂದು ಶಾಟ್ ಸಾಕು.

ಬಾಯಲ್ಲಿ ಹೇಳಲೇಬೇಕಾದದ್ದು ಯಾವುದು? ಗೊತ್ತಿಲ್ಲದೆ ಕೊಂಡರೆ ವಾಪಸ್ ತರುವಂಥದ್ದು. ಅದಕ್ಕೇ ಹಾಲಿನ ಸಂಗತಿಯನ್ನ ಕ್ಯಾಪ್ಷನ್‌ಗೆ ತಳ್ಳದೆ ಬಾಯಲ್ಲೇ ಹೇಳೋದು ಅಂತ ತೀರ್ಮಾನ ಮಾಡಿದ್ವಿ. "ಮಾರೋ ರೀಲಲ್ಲಿ 'ಹಾಕಬೇಡಿ' ಅಂತ ಯಾರಾದ್ರೂ ಹೇಳ್ತಾರಾ ಮಗಾ?" ಅಂತ ನನ್ನ ರೂಮ್‌ಮೇಟ್ ನಕ್ಕ. ಹುಳಿ ಕಾಫಿಯ ವಾಸನೆ ನೋಡಿದ್ದ ನಾನು ನಗಲಿಲ್ಲ.

ಅಕ್ಷರ ಎಣಿಸಿ, ಪದ ಅಲ್ಲ

ಈಗ ಸಮಯದ ಲೆಕ್ಕ. ಇಂಗ್ಲಿಷ್‌ನಲ್ಲಿ ಸ್ಕ್ರಿಪ್ಟ್ ಅಳೆಯೋದು ಪದಗಳ ಲೆಕ್ಕದಲ್ಲಿ. ಕನ್ನಡಕ್ಕೆ ಅದು ಸರಿಬರಲ್ಲ. ನಮ್ಮ ಪದಗಳಿಗೆ ಬಾಲ ಸೇರುತ್ತಾ ಹೋಗುತ್ತೆ: "ನೀರು" ಎರಡು ಅಕ್ಷರ, "ಪೆಟ್ಟಿಗೆಯಲ್ಲಿ" ಐದು ಅಕ್ಷರ, ಎರಡೂ ಒಂದೊಂದೇ ಪದ. ಅದಕ್ಕೆ ಅಕ್ಷರ ಎಣಿಸೋದೇ ಸರಿ. ಒತ್ತಕ್ಷರವನ್ನ ಒಂದೇ ಅಂತ ಎಣಿಸಿ, "ಟರ್" ತರಹ ಕೊನೆಯಲ್ಲಿ ಅರ್ಧ ಅಕ್ಷರ ಬಂದರೆ ಅದನ್ನ ಹಿಂದಿನದಕ್ಕೆ ಸೇರಿಸಿ.

ಫೋನಿನ ಸ್ಟಾಪ್‌ವಾಚ್ ಇಟ್ಟು ನಾನು ಓದಿ ನೋಡಿದಾಗ, ಕೇಳುವವರಿಗೆ ಸ್ಪಷ್ಟವಾಗಿ ತಲುಪೋ ವೇಗದಲ್ಲಿ ಸೆಕೆಂಡಿಗೆ ಐದರಿಂದ ಆರು ಅಕ್ಷರ ಬರ್ತಿತ್ತು. 30 ಸೆಕೆಂಡಿನ ರೀಲ್‌ನಲ್ಲಿ ಉಸಿರಿಗೆ, ಶಾಟ್ ಬದಲಾಗೋಕೆ ನಾಲ್ಕು ಸೆಕೆಂಡ್ ಬಿಡಿ. ಉಳಿದ 26 ಸೆಕೆಂಡಿಗೆ ಸುಮಾರು 145 ಅಕ್ಷರ. ನಿಮ್ಮ ಓದಿನ ವೇಗ ಬೇರೆ ಇರಬಹುದು, ಒಂದು ಪ್ಯಾರಾ ಓದಿ ಒಮ್ಮೆ ಅಳೆದುಕೊಳ್ಳಿ.

ಇಲ್ಲಿ ಮೋಸ ಮಾಡೋದು ಅಂಕಿಗಳು. ಕಾಗದದ ಮೇಲೆ "750 ಮಿ.ಲೀ." ಪುಟ್ಟದಾಗಿ ಕಾಣುತ್ತೆ. ಬಾಯಲ್ಲಿ ಅದು "ಏಳುನೂರ ಐವತ್ತು ಮಿಲಿಲೀಟರ್", ಹನ್ನೊಂದು ಅಕ್ಷರ, ಎರಡು ಸೆಕೆಂಡ್. "ಮುಕ್ಕಾಲು ಲೀಟರ್" ಅಂದರೆ ಐದೇ ಅಕ್ಷರ, ಅರ್ಥ ಕೂದಲೆಳೆಯಷ್ಟೂ ಬದಲಾಗಲ್ಲ. ಹೀಗೆ ಬೆಲೆ ಬದಲಾಗದೆ ಮಾತು ಚಿಕ್ಕದಾಗೋ ಕಡೆ ಚಿಕ್ಕದು ಮಾಡಿ. ಆದರೆ 304ನ್ನ "ಮುನ್ನೂರು" ಅಂತ ದುಂಡು ಮಾಡೋಕಾಗಲ್ಲ, ಅದು ಅಳತೆ ಅಲ್ಲ, ಹೆಸರು. ಸ್ಕ್ರಿಪ್ಟ್‌ನಲ್ಲಿ ಎಲ್ಲ ಅಂಕಿಗಳನ್ನೂ ಅಕ್ಷರದಲ್ಲೇ ಬರೆದಿಡಿ. ಆಗ ಎಣಿಕೆಯೂ ತಪ್ಪಲ್ಲ, ಮೈಕ್ ಮುಂದೆ ತಡವರಿಸೋದೂ ಇರಲ್ಲ.

ಎರಡನೇ ಸ್ಕ್ರಿಪ್ಟ್

ಕೊನೆಗೆ ನಿಂತದ್ದು ಇದು. ಬ್ರಾಕೆಟ್‌ನಲ್ಲಿರೋದು ಅಕ್ಷರದ ಲೆಕ್ಕ.

1. ಶಾಟ್: ಹಾಸ್ಟೆಲ್ ಮೇಜು, ಗಡಿಯಾರ, ಕಪ್ಪು ಬಾಟಲಿ.
ಮಾತು: "ಬೆಳಿಗ್ಗೆ ಏಳಕ್ಕೆ ಬಿಸಿನೀರು ತುಂಬಿಸಿ ಮುಚ್ಚಿದ್ದು. ಈಗ ಸಂಜೆ ಏಳು." (22)

2. ಶಾಟ್: ಮುಚ್ಚಳ ತೆಗೆದು ಲೋಟಕ್ಕೆ ಸುರಿಯೋದು.
ಮಾತು: "ಮಧ್ಯೆ ಒಮ್ಮೆಯೂ ತೆಗೆದಿಲ್ಲ. ಇನ್ನೂ ಬಿಸಿಯಾಗೇ ಇದೆ." (17)
ಪರದೆ: 95° ನೀರು 12 ಗಂಟೆ ನಂತರ 60°ಗಿಂತ ಮೇಲೆ. ಬಾಟಲಿ ತುಂಬಿ, ಮುಚ್ಚಳ ತೆರೆಯದೆ, ಕೋಣೆ 27°.

3. ಶಾಟ್: ನೀಲಿ ಬಾಟಲಿಗೆ ತಣ್ಣೀರು.
ಮಾತು: "ತಣ್ಣೀರಾದರೆ ಇಪ್ಪತ್ತನಾಲ್ಕು ಗಂಟೆ ತಂಪು." (14)
ಪರದೆ: 5° ನೀರು 24 ಗಂಟೆ ನಂತರ 15°ಗಿಂತ ಕೆಳಗೆ. ಅದೇ ಪರೀಕ್ಷೆ.

4. ಶಾಟ್: ಬಾಟಲಿಯ ಬಾಯೊಳಗೆ ಹತ್ತಿರದಿಂದ.
ಮಾತು: "ಎರಡು ಪದರದ ಸ್ಟೀಲು, ನಡುವೆ ವ್ಯಾಕ್ಯೂಮ್. ನೀರು ಮುಟ್ಟುವ ಒಳಪದರ ಮುನ್ನೂರ ನಾಲ್ಕು ದರ್ಜೆಯದು." (33)
ಪರದೆ: ಹೊರಪದರ 201 ಸ್ಟೀಲ್, ಪೌಡರ್ ಕೋಟಿಂಗ್.

5. ಶಾಟ್: ಮುಚ್ಚಳವನ್ನ ಕೊನೆಯವರೆಗೆ ತಿರುಗಿಸೋದು, ಬ್ಯಾಗಿನ ಜೇಬು.
ಮಾತು: "ಮುಚ್ಚಳ ಪೂರ್ತಿ ತಿರುಗಿಸಿ, ಬ್ಯಾಗಿಗೆ ಹಾಕಿ, ಸೋರಲ್ಲ." (17)

6. ಶಾಟ್: ನಲ್ಲಿಯ ಕೆಳಗೆ ಕೈಯಲ್ಲಿ ತೊಳೆಯೋದು.
ಮಾತು: "ಇದಕ್ಕೆ ಹಾಲಿನ ಕಾಫಿ, ಟೀ, ಸೋಡಾ ಹಾಕಬೇಡಿ." (15)
ಪರದೆ: ಕೈಯಲ್ಲೇ ತೊಳೆಯಿರಿ. ಫ್ರೀಜರ್, ಮೈಕ್ರೋವೇವ್ ಬೇಡ.

7. ಶಾಟ್: ಮೂರು ಬಾಟಲಿ ಸಾಲಾಗಿ.
ಮಾತು: "ಮುಕ್ಕಾಲು ಲೀಟರ್. ಕಪ್ಪು, ನೀಲಿ, ಹಸಿರು." (12)

8. ಶಾಟ್: ಪೆಟ್ಟಿಗೆ ತೆರೆದು ತೋರಿಸೋದು.
ಮಾತು: "ಪೆಟ್ಟಿಗೆಯಲ್ಲಿ ಬಾಟಲಿ, ಮುಚ್ಚಳ, ಅಷ್ಟೇ." (13)

ಒಟ್ಟು 143 ಅಕ್ಷರ. ಎತ್ತರ, ಅಗಲ, ತೂಕ, ಮುಚ್ಚಳದ ಪ್ಲಾಸ್ಟಿಕ್ ಮತ್ತು ಸಿಲಿಕೋನ್ ರಿಂಗ್ ಕ್ಯಾಪ್ಷನ್‌ಗೆ ಹೋದವು. ಬೆಲೆಯನ್ನೂ ಬಾಯಲ್ಲಿ ಹೇಳಲಿಲ್ಲ, ಬದಲಾದರೆ ದನಿ ಮತ್ತೆ ರೆಕಾರ್ಡ್ ಮಾಡಬೇಕಾಗುತ್ತೆ.

ಒಂದೆರಡು ಸಾಲಿನ ಕಥೆ ಹೇಳ್ತೀನಿ. ಮೊದಲ ಸಾಲಿನಲ್ಲಿ "ಹನ್ನೆರಡು ಗಂಟೆ" ಅನ್ನೋ ಮಾತೇ ಇಲ್ಲ, ಬೆಳಿಗ್ಗೆ ಏಳು, ಸಂಜೆ ಏಳು ಅಂತಿದೆ. ಕೇಳುವವರು ತಾವೇ ಲೆಕ್ಕ ಹಾಕ್ತಾರೆ, ಗಡಿಯಾರ ಬೇರೆ ಕಾಣ್ತಿದೆ. ಕಾಫಿಯ ಸಾಲು ಕೊಡ್ತಿದ್ದ ದಿನವಿಡೀ ಅನ್ನೋ ಭಾವ ಇಲ್ಲೂ ಸಿಗುತ್ತೆ, ಕಾಫಿ ಇಲ್ಲದೆ. "ಮಧ್ಯೆ ಒಮ್ಮೆಯೂ ತೆಗೆದಿಲ್ಲ" ಅನ್ನೋದು ಪರೀಕ್ಷೆಯ ಷರತ್ತು, ಆದರೆ ಕೇಳೋಕೆ ಷರತ್ತಿನ ಥರ ಇಲ್ಲ, ಕಥೆಯ ಥರ ಇದೆ. ಷರತ್ತನ್ನ ಹೀಗೆ ಮಾತಿನೊಳಗೇ ನೇಯ್ದರೆ ಸ್ಕ್ರಿಪ್ಟ್ ಒಣಗಲ್ಲ.

ಆರನೇ ಸಾಲನ್ನ ಮೊದಲು "ನೀರಿಗೆ ಮಾತ್ರ ಬಳಸಿ" ಅಂತ ಬರೆದಿದ್ದೆ. ಹೆಚ್ಚು ಎಚ್ಚರಿಕೆ ಒಳ್ಳೆಯದಲ್ವಾ ಅನ್ನೋ ಲೆಕ್ಕ. ಅಕ್ಕ ಒಪ್ಪಲಿಲ್ಲ. "ವಿವರಣೆಲಿ ಬೇಡ ಅಂದಿರೋದು ಹಾಲು, ಸೋಡಾ. ಹಾಲಿಲ್ಲದ ಟೀ ಹಾಕ್ಬಾರ್ದು ಅಂತ ಎಲ್ಲಿದೆ?" ನಿಜ. ಹೆಚ್ಚು ಹೇಳೋದು ಎಷ್ಟು ತಪ್ಪೋ, ಕಡಿಮೆ ಹೇಳೋದೂ ಅಷ್ಟೇ ತಪ್ಪು.

ಕಣ್ಣಿಗೂ ಅದೇ ನಿಯಮ

ಮಾತು ಸರಿ ಇದ್ದು ಶಾಟ್ ಸುಳ್ಳು ಹೇಳಿದರೆ ಕೆಲಸ ಕೆಟ್ಟಂತೆ. ಬೆಳಿಗ್ಗೆ ಏಳಕ್ಕೆ ತುಂಬಿಸಿದ್ದು ಅಂತ ಹೇಳಿದ ಮೇಲೆ ನಾವು ನಿಜವಾಗಿಯೂ ಬೆಳಿಗ್ಗೆ ಏಳಕ್ಕೆ ತುಂಬಿಸಿ, ಬಾಟಲಿಯನ್ನ ಮುಟ್ಟದೆ ಇಟ್ಟು, ಸಂಜೆ ಏಳಕ್ಕೆ ಶೂಟ್ ಮಾಡಿದ್ವಿ. ಸುರಿದಾಗ ಹಬೆ ಕಂಡಿತು, ಆದರೆ ತೆಳುವಾಗಿ. ಎಡಿಟಿಂಗ್‌ನಲ್ಲಿ ಹಬೆ ಸೇರಿಸೋಣ ಅಂತ ಒಬ್ಬ ಹೇಳಿದ. ಬೇಡ ಅಂದ್ವಿ. ಭರ್ತಿ ಹಬೆ ನೋಡಿದವರು ಕುದಿಯೋ ನೀರು ಅಂದುಕೊಳ್ತಾರೆ, ವಿವರಣೆ ಕೊಡೋ ಮಾತು 60 ಡಿಗ್ರಿ ಅಷ್ಟೇ. ನೀರನ್ನ ಅಳೆದ ಥರ್ಮಾಮೀಟರನ್ನೇ ತೋರಿಸಬಹುದಿತ್ತು, ನಮ್ಮ ಹತ್ರ ಆ ದಿನ ಇರಲಿಲ್ಲ.

ಹಾಗೇ, ಮೊದಲ ರೀಲ್‌ನಲ್ಲಿ ಬಾಟಲಿಯ ಪಕ್ಕ ಉದ್ದನೆಯ ಬ್ರಶ್ ಒಂದು ಚಂದಕ್ಕೆ ಇಟ್ಟಿದ್ವಿ. "ಬ್ರಶ್ ಎಲ್ಲಿ?" ಅಂತ ಮೂರು ಜನ ಕೇಳಿದ್ದರು. ಈ ಸಲ ಬ್ರಶ್ ಇಲ್ಲ, ಕೊನೆಯಲ್ಲಿ "ಅಷ್ಟೇ" ಇದೆ.

ಪರದೆಯ ಬರಹದ ಬಗ್ಗೆ ಕಾನೂನೂ ಒಂದು ಮಾತು ಹೇಳುತ್ತೆ. ದಾರಿ ತಪ್ಪಿಸುವ ಜಾಹೀರಾತುಗಳನ್ನ ತಡೆಯೋಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ಷರತ್ತಿನ ಬರಹ ಮುಖ್ಯ ಮಾತನ್ನ ವಿವರಿಸಬಹುದೇ ಹೊರತು ಅದಕ್ಕೆ ವಿರುದ್ಧ ಇರಬಾರದು, ದಾರಿ ತಪ್ಪಿಸಿದ ಮಾತನ್ನ ತಿದ್ದೋ ಕೆಲಸಕ್ಕೆ ಅದನ್ನ ಬಳಸಬಾರದು. ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಮಾತು ವಾಯ್ಸ್ ಓವರ್ ಆಗಿದ್ದರೆ, ಅದು ಕೇಳಿಸುವ ಹೊತ್ತಿಗೇ ಷರತ್ತು ಪರದೆ ಮೇಲೆ ಇರಬೇಕು. ನಮ್ಮ ಮೊದಲ ರೀಲ್‌ನಲ್ಲಿ ಕನ್ನಡ ದನಿ ಮುಗಿದ ಮೇಲೆ ಕೊನೆಯ ಒಂದು ಸೆಕೆಂಡಿನಲ್ಲಿ ಚಿಕ್ಕ ಇಂಗ್ಲಿಷ್ ಸಾಲೊಂದು ಮಿಂಚಿ ಮಾಯವಾಗ್ತಿತ್ತು. ಮೂರು ಕಡೆಯೂ ಫೇಲ್. ಅದಕ್ಕೇ ಈ ಸಲ ಎರಡನೇ ಸಾಲಿನ ಷರತ್ತು ಎರಡನೇ ಸಾಲಿನ ಜೊತೆಗೇ, ಕನ್ನಡದಲ್ಲೇ ಬಂತು.

ಉಲ್ಟಾ ಪರೀಕ್ಷೆ

ಬರೆದವರಿಗೆ ತಮ್ಮ ತಪ್ಪು ಕಾಣಲ್ಲ, ಯಾಕಂದ್ರೆ ವಿವರಣೆ ತಲೆಯಲ್ಲೇ ಇರುತ್ತೆ, ಬಿಟ್ಟಿದ್ದನ್ನ ಮನಸ್ಸೇ ತುಂಬಿಕೊಳ್ಳುತ್ತೆ. ಅದಕ್ಕೆ ವಿವರಣೆ ಓದದೇ ಇರೋ ಒಬ್ಬರನ್ನ ಹಿಡೀರಿ. ದನಿ ಮಾತ್ರ ಕೇಳಿಸಿ, ಚಿತ್ರ ಬೇಡ. ಕೇಳಿದ ಮೇಲೆ ಬಾಟಲಿಯ ಬಗ್ಗೆ ಏನೇನು ಗೊತ್ತಾಯ್ತೋ ಅದನ್ನೆಲ್ಲ ಬರೆಯೋಕೆ ಹೇಳಿ. ಅವರು ಬರೆದದ್ದನ್ನ ಮೂಲ ವಿವರಣೆಯ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ.

ನಾವು ಪಕ್ಕದ ರೂಮಿನವನಿಗೆ ಕೇಳಿಸಿದ್ವಿ. ಆಗಿನ ಕರಡಿನಲ್ಲಿ "ಬಿಸಿ, ತಂಪು, ಹನ್ನೆರಡು ಗಂಟೆ, ಇಪ್ಪತ್ತನಾಲ್ಕು ಗಂಟೆ" ಅಂತ ಒಟ್ಟಿಗೆ ಇತ್ತು. ಅವನು ಬರೆದದ್ದು: "24 ಗಂಟೆ ಬಿಸಿ, 12 ಗಂಟೆ ತಂಪು." ಓದುವಾಗ ಕಣ್ಣು ಹಿಂದೆ ಹೋಗಿ ಜೋಡಿ ಹೊಂದಿಸಿಕೊಳ್ಳುತ್ತೆ, ಕೇಳುವಾಗ ಕಿವಿಗೆ ಆ ಅವಕಾಶ ಇಲ್ಲ. ಆಮೇಲೆ ಬಿಸಿಯನ್ನ ಎರಡು ಸಾಲಿನಲ್ಲಿ ಮುಗಿಸಿ, ತಂಪನ್ನ ಬೇರೆ ಸಾಲಿಗೆ, ಬೇರೆ ಬಣ್ಣದ ಬಾಟಲಿಗೆ ಕೊಟ್ವಿ.

ಅವನ ಇನ್ನೊಂದು ಸಾಲು ಎಲ್ಲರನ್ನೂ ನಗಿಸಿತು: "ಬೆಲೆ 304 ರೂಪಾಯಿ." ಕರಡಿನಲ್ಲಿ "ಒಳಪದರ ಮುನ್ನೂರ ನಾಲ್ಕು" ಅಂತಷ್ಟೇ ಇತ್ತು. ಮೆಕ್ಯಾನಿಕಲ್‌ನವರಿಗೆ ಅದು ಸ್ಟೀಲಿನ ಹೆಸರು, ಅವನು ಕಂಪ್ಯೂಟರ್ ಸೈನ್ಸ್. "ದರ್ಜೆಯದು" ಅನ್ನೋ ನಾಲ್ಕು ಅಕ್ಷರ ಅವತ್ತು ಸೇರಿದ್ದು.

ಮೂರನೇ ಸಲ ಇನ್ನೊಬ್ಬಳಿಗೆ ಕೇಳಿಸಿದಾಗ ಅವಳು ಬರೆದ ಒಂಬತ್ತು ಸಾಲಿನಲ್ಲಿ ವಿವರಣೆಗೆ ವಿರುದ್ಧವಾದದ್ದು ಒಂದೂ ಇರಲಿಲ್ಲ. ಅವತ್ತೇ ರೆಕಾರ್ಡ್ ಮಾಡಿದ್ವಿ.

ಎರಡನೇ ರೀಲ್ ಮೊದಲಿನಷ್ಟು ಓಡಲಿಲ್ಲ, ಇದನ್ನ ಮುಚ್ಚಿಡಲ್ಲ. ಉಳಿದ 20 ಬಾಟಲಿ ಮಾರೋಕೆ ಎರಡು ವಾರ ಹಿಡಿಯಿತು. ಆದರೆ ಒಂದೂ ವಾಪಸ್ ಬರಲಿಲ್ಲ. ಹುಳಿ ಕಾಫಿಯವಳು ಮತ್ತೆ ಬಂದು ಹಸಿರು ಬಾಟಲಿ ತಗೊಂಡಳು. ದುಡ್ಡು ಕೊಡುವಾಗ ಮುಚ್ಚಳವನ್ನ ಕೊನೆಯವರೆಗೆ ತಿರುಗಿಸಿ, ತಲೆಕೆಳಗೆ ಹಿಡಿದು, ಒಂದು ನಿಮಿಷ ನನ್ನ ಮುಂದೇ ಕಾದಳು. ಸೋರಲಿಲ್ಲ.